ಊಟ, ಮಿನಿ ಊಟ, ಕಾಂಬೋ: ನಮ್ಮ ಹೋಟೆಲಿನಲ್ಲಿ ಬೆಲೆ ಕಟ್ಟುವ ಲೆಕ್ಕ

ದಾವಣಗೆರೆಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದೇನೆ. ಮಧ್ಯಾಹ್ನ ಸುಮಾರು 180 ಊಟ ಹೋಗುತ್ತದೆ. ಎರಡು ಚಪಾತಿ, ಅನ್ನ, ಸಾಂಬಾರ್, ಸಾರು, ಪಲ್ಯ, ಗೊಜ್ಜು, ಮೊಸರು, ಹಪ್ಪಳ, ಉಪ್ಪಿನಕಾಯಿ, ಒಂದು ಚಮಚ ತುಪ್ಪ, ಪಾಯಸ. ಅನ್ನ, ಸಾಂಬಾರ್, ಸಾರು ಎಷ್ಟು ಬೇಕಾದರೂ ಹಾಕುತ್ತೇವೆ. ಬೆಲೆ ಜಿಎಸ್‌ಟಿ ಸೇರಿ 120 ರೂಪಾಯಿ ಇತ್ತು. ಹಾಲ್ ತುಂಬಿರುತ್ತಿತ್ತು, ಆದರೆ ತಿಂಗಳ ಕೊನೆಗೆ ಯಜಮಾನರ ಕೈಯಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಮೊದಲು ತಟ್ಟೆಯ ಖರ್ಚು ಗೊತ್ತಾಗಬೇಕು. ಬೇಕಾದಷ್ಟು ಬಡಿಸುವ ಊಟಕ್ಕೆ ರೆಸಿಪಿ ನೋಡಿ ಖರ್ಚು ಬರೆದರೆ ಪ್ರಯೋಜನವಿಲ್ಲ. ಜನ ನಿಜವಾಗಿ ತಿಂದದ್ದನ್ನೇ ಅಳೆಯಬೇಕು. ನಾವು ಮಾಡಿದ್ದು ಇಷ್ಟು: ಬೆಳಿಗ್ಗೆ ಎಷ್ಟು ಅಕ್ಕಿ ಹಾಕಿದ್ದೇವೆ ಎಂದು ಬರೆದುಕೊಳ್ಳುವುದು, ಮೂರೂವರೆಗೆ ಉಳಿದ ಅನ್ನ ತೂಗುವುದು, ಆವತ್ತಿನ ಟೋಕನ್‌ಗಳಿಂದ ಭಾಗಿಸುವುದು. 25 ಕಿಲೋ ಸೋನಾ ಮಸೂರಿ ಬೇಯಿಸಿದ ದಿನ 5 ಕಿಲೋ ಅನ್ನ ಉಳಿದಿತ್ತು. ಕಿಲೋ ಅಕ್ಕಿಗೆ ಸುಮಾರು ಎರಡೂವರೆ ಕಿಲೋ ಅನ್ನ ಆಗುತ್ತದೆ, ಅಂದರೆ ಉಳಿದದ್ದು 2 ಕಿಲೋ ಅಕ್ಕಿ. 23 ಕಿಲೋವನ್ನು 180 ಜನ ತಿಂದಿದ್ದಾರೆ, ತಲೆಗೆ 128 ಗ್ರಾಂ. ಕಿಲೋಗೆ 58 ರೂಪಾಯಿಯಂತೆ ಏಳೂವರೆ ರೂಪಾಯಿಯೂ ಆಗಲಿಲ್ಲ. ‘ಅನ್ಲಿಮಿಟೆಡ್ ಅಂದ್ರೆ ಅನ್ನದಲ್ಲೇ ಮುಳುಗ್ತೀವಿ’ ಎಂಬ ಭಯ ಅವತ್ತೇ ಹೋಯಿತು.

ಉಳಿದದ್ದನ್ನೂ ಹೀಗೇ ಅಳೆದೆವು. ಸಾಂಬಾರ್ 7, ಪಾಯಸ 7, ಪಲ್ಯ 6, ಮೊಸರು 6, ಚಪಾತಿ 5, ಗೊಜ್ಜು 5, ತುಪ್ಪ 3. ಸಾರು, ಹಪ್ಪಳ, ಉಪ್ಪಿನಕಾಯಿ ಸೇರಿ ಆರೂವರೆ. ಒಟ್ಟು 53 ರೂಪಾಯಿ, ಬರೀ ದಿನಸಿ, ತರಕಾರಿ, ಹಾಲಿನ ಖರ್ಚು. ಗ್ಯಾಸ್, ಸಂಬಳ, ಬಾಡಿಗೆ ಬೇರೆ.

120ರಲ್ಲಿ ಶೇ. 5 ಜಿಎಸ್‌ಟಿ ತೆಗೆದರೆ ನಮಗೆ ಬರುವುದು 114. ನಮ್ಮಂಥ ಹೋಟೆಲಿಗೆ ಖರೀದಿಯ ಮೇಲೆ ಕಟ್ಟಿದ ತೆರಿಗೆ ವಾಪಸ್ ಸಿಗುವುದಿಲ್ಲ. ಕಮರ್ಷಿಯಲ್ ಸಿಲಿಂಡರಿನ ಮೇಲಿನ ಶೇ. 18 ಕೂಡ ನಮ್ಮ ಖರ್ಚೇ. ಹಾಗಾಗಿ ಖರ್ಚನ್ನು ತೆರಿಗೆ ಸೇರಿಸಿಯೇ ಬರೆಯಬೇಕು, ಆದಾಯವನ್ನು ತೆರಿಗೆ ಕಳೆದು ಬರೆಯಬೇಕು. 114ರಲ್ಲಿ 53 ಹೋದರೆ ತಟ್ಟೆಗೆ 61 ರೂಪಾಯಿ ಉಳಿಯಿತು.

ಖರ್ಚು ಇಳಿಸಬೇಕು ಅಂದ ಕೂಡಲೇ ಎಲ್ಲರ ಕೈ ಹೋಗುವುದು ಸಾಂಬಾರಿನ ಬೇಳೆಗೆ. ಅದು ಬೇಡವೇ ಬೇಡ. ಸಾಂಬಾರ್ ತೆಳುವಾದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಗಿರಾಕಿ ಏನನ್ನು ಬಿಡುತ್ತಾನೆ ಅನ್ನುವುದನ್ನು ನೋಡಬೇಕು, ಅದಕ್ಕೆ ತಟ್ಟೆ ತೊಳೆಯುವ ಜಾಗದಲ್ಲಿ ನಿಲ್ಲಬೇಕು. ನಾನೂ ನಮ್ಮ ಭಟ್ಟರೂ ಮಧ್ಯಾಹ್ನ ಅಲ್ಲೇ ನಿಂತೆವು. ಹಪ್ಪಳದ ಚೂರೂ ವಾಪಸ್ ಬರಲಿಲ್ಲ. ಪಾಯಸದ ಬಟ್ಟಲು ಒರೆಸಿದ ಹಾಗೆ ಖಾಲಿ. ಗೊಜ್ಜಿನ ಬಟ್ಟಲು ಮಾತ್ರ ಒಂದರ ಹಿಂದೆ ಒಂದು ತುಂಬಿದ್ದೇ ಬರುತ್ತಿತ್ತು, ಮೇಲೆ ಒಗ್ಗರಣೆಯ ಸಾಸಿವೆ ಕೂಡ ಕದಲಿರಲಿಲ್ಲ.

"ಗೊಜ್ಜು ಚೆನ್ನಾಗಿದೆ ಸಾರ್, ಆದ್ರೆ ಸಾಂಬಾರ್, ಸಾರು ಎರಡೂ ಇರೋವಾಗ ಅದನ್ನ ಯಾವುದಕ್ಕೆ ಕಲಸ್ಕೋಬೇಕು ಅವರು?" ಅಂದರು ಭಟ್ಟರು. ಅವರು ಹೇಳಿದ್ದು ಸರಿಯಾಗಿತ್ತು. ಗೊಜ್ಜು ತೆಗೆದೆವು, 5 ರೂಪಾಯಿ ಉಳಿಯಿತು. ಅದರಲ್ಲಿ 3 ರೂಪಾಯಿಯನ್ನು ತಟ್ಟೆಗೇ ಹಾಕಿದೆವು: ಹಪ್ಪಳ ದೊಡ್ಡದಾಯಿತು, ಮೊಸರಿನ ಬಟ್ಟಲು ತುಂಬಿತು. ಖರ್ಚು 51ಕ್ಕೆ ಇಳಿಯಿತು, ತಟ್ಟೆ ಮಾತ್ರ ಮೊದಲಿಗಿಂತ ತುಂಬಿದಂತೆ ಕಂಡಿತು. ಪಲ್ಯಕ್ಕೆ ಬೋರ್ಡಿನಲ್ಲಿ ತರಕಾರಿಯ ಹೆಸರು ಬರೆಯುವುದನ್ನೂ ನಿಲ್ಲಿಸಿದೆವು. ಬೀನ್ಸ್ ದುಬಾರಿಯಾದ ವಾರ ಎಲೆಕೋಸು, ಬೀಟ್‌ರೂಟ್, ಸೋರೆಕಾಯಿ ಮಾಡಬಹುದು.

ಬೆಲೆಯನ್ನು ಸುಮ್ನೆ 140ಕ್ಕೆ ಏರಿಸಿದ್ದರೆ ದಿನಾ ಬರುವ ಅಂಗಡಿ ಹುಡುಗರು, ಬ್ಯಾಂಕಿನವರು ಬೇರೆ ಕಡೆ ಹೋಗುತ್ತಿದ್ದರು. ಹಾಗಾಗಿ ಎರಡು ಊಟ ಮಾಡಿದೆವು. ಪೂರ್ತಿ ಊಟ 140. ಮಿನಿ ಊಟ 100: ಒಂದು ರೈಸ್ ಬಾತ್, ಒಂದು ಬಟ್ಟಲು ಅನ್ನ, ಸಾಂಬಾರ್, ಪಲ್ಯ, ಮೊಸರು, ಹಪ್ಪಳ, ಸಣ್ಣ ಕಪ್ ಪಾಯಸ. ಅನ್ನ ಮತ್ತೆ ಹಾಕುವುದಿಲ್ಲ. ಅದನ್ನು ಬೋರ್ಡಿನಲ್ಲೇ ದೊಡ್ಡದಾಗಿ ಬರೆದಿದ್ದೇವೆ, ಇಲ್ಲದಿದ್ದರೆ ಸಪ್ಲೈಯರಿಗೂ ಗಿರಾಕಿಗೂ ದಿನಾ ಜಗಳ.

ಮಿನಿಯ ಖರ್ಚು 32 ರೂಪಾಯಿ. 100ರಲ್ಲಿ ತೆರಿಗೆ ಕಳೆದು 95, ಉಳಿಯುವುದು 63. ಹಳೆಯ 120ರ ಊಟಕ್ಕಿಂತ 100ರ ಊಟದಲ್ಲಿ ಎರಡು ರೂಪಾಯಿ ಜಾಸ್ತಿ! ಪೂರ್ತಿ ಊಟದಲ್ಲಿ ಈಗ 82 ಉಳಿಯುತ್ತದೆ. ಇನ್ನೊಂದು ವಿಷಯ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಪೂರ್ತಿ ಊಟಕ್ಕೆ ಒಬ್ಬರು ಅರ್ಧ ಗಂಟೆ ಕೂರುತ್ತಾರೆ, ಮಿನಿಗೆ ಹೆಚ್ಚು ಕಡಿಮೆ ಕಾಲು ಗಂಟೆ. ಒಂದರಿಂದ ಎರಡೂವರೆವರೆಗೆ ಬಾಗಿಲಲ್ಲಿ ಜನ ಕಾಯುತ್ತಿರುವಾಗ ಅದೇ ಕುರ್ಚಿಯಲ್ಲಿ ಎರಡು ಮಿನಿ ಹೋದರೆ 126 ಉಳಿಯುತ್ತದೆ. ಕುರ್ಚಿ ಖಾಲಿ ಇರುವ ಹನ್ನೆರಡು ಗಂಟೆಗೆ ಈ ಲೆಕ್ಕ ನಡೆಯುವುದಿಲ್ಲ, ಆಗ ಪೂರ್ತಿ ಊಟವೇ ಲಾಭ. ಅದಕ್ಕೇ ಶೇಕಡಾವಾರು ಖರ್ಚೊಂದನ್ನೇ ನೋಡಿ ಬೆಲೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ತಟ್ಟೆಗೆ ಎಷ್ಟು ರೂಪಾಯಿ ಉಳಿಯಿತು, ಎಷ್ಟು ಹೊತ್ತಿನಲ್ಲಿ, ಎರಡನ್ನೂ ಕೇಳಬೇಕು.

ಬೆಳಗಿನ ಕಾಂಬೋದಲ್ಲಿ ಲೆಕ್ಕ ಬೇರೆ. ಇಡ್ಲಿ 40, ವಡೆ 35, ಕಾಫಿ 25, ಒಟ್ಟು 100. ಮೂರನ್ನೂ ಸೇರಿಸಿ 85ಕ್ಕೆ ಕೊಡೋಣ ಎಂದು ಯಜಮಾನರ ಮಗ ಹೇಳಿದ. ಚೆನ್ನಾಗಿ ಹೋಗುತ್ತದೆ, ಅನುಮಾನವಿಲ್ಲ. ಆದರೆ ಹಳೆಯ ಬಿಲ್ ತೆಗೆದು ನೋಡಿದಾಗ ಇಡ್ಲಿ ವಡೆ ತಿಂದ ಹತ್ತರಲ್ಲಿ ಏಳು ಜನ ಆಗಲೇ ಕಾಫಿ ಕುಡಿಯುತ್ತಿದ್ದರು. ಮೂರರ ಖರ್ಚು 27. ಪೂರ್ತಿ ಬೆಲೆಗೆ 68 ಉಳಿಯುತ್ತಿದ್ದದ್ದು ಕಾಂಬೋದಲ್ಲಿ 54ಕ್ಕೆ ಇಳಿಯುತ್ತದೆ. ಈ ಏಳು ಜನರಲ್ಲಿ ತಲೆಗೆ 14 ರೂಪಾಯಿ ನಷ್ಟ. ಇನ್ನುಳಿದ ಮೂವರು ಹೊಸದಾಗಿ ಕಾಫಿ ತಗೊಂಡರೂ ಒಬ್ಬರಿಂದ ಬರುವುದು ಐವತ್ತು ಪೈಸೆ, ಯಾಕೆಂದರೆ ಬರೀ ಇಡ್ಲಿ ವಡೆಯಲ್ಲೇ ಸುಮಾರು 53.50 ಉಳಿಯುತ್ತಿತ್ತು. ಹತ್ತು ಬಿಲ್ಲಿಗೆ ಹತ್ತಿರ ಹತ್ತಿರ ನೂರು ರೂಪಾಯಿ ಕೈಬಿಡುತ್ತದೆ.

ಅದರ ಬದಲು ಮಸಾಲೆ ದೋಸೆ, ಕಾಫಿ ಜೊತೆಗೆ ಕೇಸರಿಬಾತ್ ಸೇರಿಸಿದೆವು. ದೋಸೆ 70, ಕಾಫಿ 25, ಕೇಸರಿಬಾತ್ 35, ಒಟ್ಟು 130. ಕಾಂಬೋ 115. ದೋಸೆ ತಿನ್ನುವವರು ಕೇಸರಿಬಾತ್ ಕೇಳುವುದು ನಮ್ಮಲ್ಲಿ ಅಪರೂಪ. ದೋಸೆ ಕಾಫಿಯ 95 ಹೇಗೂ ಬರುತ್ತಿತ್ತು, ಮೇಲಿನ 20ರಲ್ಲಿ ತೆರಿಗೆ ಕಳೆದು 19, ಕೇಸರಿಬಾತಿನ ಖರ್ಚು 10, ಬಿಲ್ಲಿಗೆ 9 ರೂಪಾಯಿ ಹೊಸ ಹಣ. ಗಿರಾಕಿಗೆ 15 ಉಳಿತಾಯ. ಕಪ್ಪಿನ ಅಳತೆ ಬಿಡಿಯಾಗಿ ಕೊಡುವಷ್ಟೇ. ಅದನ್ನು ಸಣ್ಣದು ಮಾಡಿದರೆ ಉಳಿತಾಯ ಅನ್ನುವ ಮಾತೇ ಸುಳ್ಳಾಗುತ್ತದೆ, ಅಲ್ವಾ?

ಈಗ ವಾರಕ್ಕೊಮ್ಮೆ ಒಂದೇ ಅಂಕಿ ನೋಡುತ್ತೇನೆ: ಕಾಂಬೋ ಬಂದ ಮೇಲೆ ಬಿಡಿ ಕೇಸರಿಬಾತ್ ಮಾರಾಟ ಎಷ್ಟಿದೆ? ಅದು ಇಳಿಯುತ್ತಾ ಹೋದರೆ ಪೂರ್ತಿ ಬೆಲೆ ಕೊಡುತ್ತಿದ್ದವರೇ ಕಾಂಬೋಗೆ ಬರುತ್ತಿದ್ದಾರೆ ಎಂದರ್ಥ, ಆಗ 115 ಅನ್ನು 120 ಮಾಡುತ್ತೇವೆ. ಸದ್ಯಕ್ಕೆ ಇಳಿದಿಲ್ಲ.