ಅರ್ಧ ಬೆಲೆಯ ಕಪಾಟು

ಕಾಸರಗೋಡು ಪೇಟೆಯ ಸೂಪರ್‌ಮಾರ್ಕೆಟ್ಟೊಂದರಲ್ಲಿ ಇವತ್ತು ಅರ್ಧ ಬೆಲೆಯ ಕಪಾಟಿನೆದುರು ಕಾಲು ಗಂಟೆ ನಿಂತೆ. ಒಂದು ಕಿಲೋ ಓಟ್ಸ್, ಮೇಲೆ ತಾರೀಕಿಲ್ಲ, ‘ಪ್ಯಾಕ್ ಮಾಡಿ 9 ತಿಂಗಳೊಳಗೆ ಬೆಸ್ಟ್’ ಅಂತ ಮಾತ್ರ. ಪ್ಯಾಕ್ ಮಾಡಿದ ದಿನವನ್ನು ಹುಡುಕಿದರೆ ಅಂಟಿಸಿದ ಡಿಸ್ಕೌಂಟ್ ಚೀಟಿಯ ಅಡಿಯಲ್ಲೇ! ಉಗುರಲ್ಲಿ ಕೆರೆದು ಬೆರಳು ಮಡಚಿ ಲೆಕ್ಕ ಹಾಕಿದೆ, ಉಳಿದದ್ದು 12 ದಿನ. ನಾವಿಬ್ಬರು ದಿನಕ್ಕೆ 100 ಗ್ರಾಂ ತಿಂದರೆ ಹತ್ತು ದಿನಕ್ಕೆ ಮುಗಿಯಿತು. ಎರಡು ದಿನ ಹೆಚ್ಚಾದರೂ ತೊಂದರೆಯಿಲ್ಲ. ‘ಬೆಸ್ಟ್ ಬಿಫೋರ್’ ಹೇಳುವುದು ರುಚಿಯ ಮಾತು. ಹಳೆ ಎಣ್ಣೆಯ ಕಮಟು ಬಂದರೆ ಮಾತ್ರ ಎಸೆಯುವುದು. ತೆಗೆದುಕೊಂಡೆ.

ಪಕ್ಕದ ಫ್ರಿಜ್ಜಿನಲ್ಲಿ 200 ಗ್ರಾಂ ಪನೀರ್. ಅದರ ಮೇಲೆ ‘ಯೂಸ್ ಬೈ’, ನಾಳೆಯ ದಿನ. ಅಲ್ಲಿ ರುಚಿಯ ಪ್ರಶ್ನೆಯೇ ಅಲ್ಲ, ದಾಟಿದರೆ ತಿನ್ನಲೇಬಾರದು. ರಾತ್ರಿಯೇ ಪಲ್ಯ ಮಾಡುವುದಾದರೆ ಸರಿ ಅಂತ ಕೈ ಹಾಕಿದೆ. ಪ್ಯಾಕೆಟ್ ಒಂಚೂರು ಊದಿತ್ತು. ಮೆಲ್ಲ ಅಲ್ಲೇ ಇಟ್ಟೆ.

ಮನೆಗೆ ಬಂದರೆ ಅಮ್ಮ, “ಅಗ್ಗ ಅಂತ ಒಂದು ಕಿಲೋ ಓಟ್ಸಾ? ಬೆಳಿಗ್ಗೆ ನೀರ್‌ದೋಸೆ ಬಿಟ್ಟು ಯಾರು ತಿನ್ನುವುದು ಮಾರಾಯ?”

ಆ ಲೆಕ್ಕ ಹಾಕಲು ಮರೆತಿದ್ದೆ.