ಬಿಪಿ ಮಾತ್ರೆಗೆ ಅಷ್ಟು ದೊಡ್ಡ ಪಟ್ಟಿ ಯಾಕೆ?

"ಇಷ್ಟು ಸಣ್ಣ ಮಾತ್ರೆಗೆ ಇಷ್ಟು ದೊಡ್ಡ ಪಟ್ಟಿ ಎಂತಕ್ಕೆ ಮಾರಾಯ್ರೆ? ಕಂಪನಿಯವರದ್ದು ದುಡ್ಡು ಮಾಡುವ ಉಪಾಯವಾ?" ನಮ್ಮ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಈ ಪ್ರಶ್ನೆ ಆಗಾಗ ಬರುತ್ತಲೇ ಇರುತ್ತದೆ. ಕೇಳುವವರ ಕೈಯಲ್ಲಿ ಇರುವುದು ಹೆಚ್ಚಾಗಿ ಅಲು-ಅಲು ಪಟ್ಟಿ. ಎರಡೂ ಕಡೆ ಅಲ್ಯೂಮಿನಿಯಂನ ಬೆಳ್ಳಿ ಬಣ್ಣ, ಒಳಗಿನ ಮಾತ್ರೆ ಕಾಣುವುದಿಲ್ಲ, ಜೇಬಿನಲ್ಲಿ ಮಡಚಿ ಇಡುವುದಕ್ಕೂ ಆಗುವುದಿಲ್ಲ.

ಡಿ.ಫಾರ್ಮ್ ಮುಗಿಸಿ ಕುಂದಾಪುರದ ಕಡೆ ಅಂಗಡಿಗೆ ಬರುವ ಮೊದಲು ನಾನು ಮಾತ್ರೆ ಕಾರ್ಖಾನೆಯೊಂದರ ಪ್ಯಾಕಿಂಗ್ ಸೆಕ್ಷನ್‌ನಲ್ಲಿ ಕೆಲಸ ಮಾಡಿದ್ದೆ. ಹಾಗಾಗಿ ಆ ದೊಡ್ಡ ಪಟ್ಟಿಯ ಕಾರಣ ಗೊತ್ತು. ಮಾಮೂಲಿ ಪಾರದರ್ಶಕ ಪಟ್ಟಿಯಲ್ಲಿ ಪಿವಿಸಿ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಮೆತ್ತಗೆ ಮಾಡುತ್ತಾರೆ, ಅದು ಅಚ್ಚಿನೊಳಗೆ ಎಳೆದುಕೊಂಡು ಮಾತ್ರೆಯ ಅಳತೆಗೆ ಸರಿಯಾಗಿ ಕೂರುತ್ತದೆ. ಅಲ್ಯೂಮಿನಿಯಂ ಹಾಗೆ ಬಿಸಿಗೆ ಹಿಗ್ಗಿ ಬರುವುದಿಲ್ಲ. ಅದನ್ನು ತಣ್ಣಗಿರುವಾಗಲೇ ಒತ್ತಿ ಪಾಕೆಟ್ ಮಾಡಬೇಕು. ಹಾಳೆಯಲ್ಲಿ ಮೂರು ಪದರ: ಹೊರಗೆ ನೈಲಾನ್, ನಡುವೆ ಸುಮಾರು 45 ಮೈಕ್ರಾನ್ ಅಲ್ಯೂಮಿನಿಯಂ, ಒಳಗೆ ತೆಳ್ಳನೆಯ ಪಿವಿಸಿ. ನೇರವಾಗಿ ಆಳಕ್ಕೆ ಒತ್ತಿದರೆ ನಡುವಿನ ಅಲ್ಯೂಮಿನಿಯಂ ಬಿರಿಯುತ್ತದೆ. ಅದಕ್ಕೇ ಅಗಲ ಬಾಯಿ, ಇಳಿಜಾರು ಗೋಡೆ. ಪಾಕೆಟ್ ದೊಡ್ಡದಾಯಿತು, ಪಟ್ಟಿಯೂ ದೊಡ್ಡದಾಯಿತು. ಹಾಳೆ ದುಬಾರಿ, ಒಂದು ಪಟ್ಟಿಗೆ ಬೇಕಾಗುವ ಹಾಳೆಯೂ ಜಾಸ್ತಿ. ಯಾವ ಕಂಪನಿಯೂ ಸುಮ್ನೆ ಈ ಖರ್ಚು ಮೈಮೇಲೆ ಎಳೆದುಕೊಳ್ಳುವುದಿಲ್ಲ. ಒಳಗಿರುವ ಮಾತ್ರೆಗೆ ತೇವ ತಾಗಬಾರದು ಅಂತ ಗೊತ್ತಿದ್ದರೇ ಹೆಚ್ಚಾಗಿ ಮಾಡುವುದು.

ಟೆಲ್ಮಿಸಾರ್ಟನ್ ಇದಕ್ಕೆ ಒಳ್ಳೆ ಉದಾಹರಣೆ. ಬಿಪಿ ಇರುವ ಮನೆಗಳಲ್ಲಿ ಈ ಹೆಸರು ಗೊತ್ತಿಲ್ಲದವರು ಕಡಿಮೆ. ಈ ಔಷಧಿ ಸುಲಭವಾಗಿ ನೀರಿನಲ್ಲಿ ಕರಗುವುದಿಲ್ಲ. ಕರಗಿಸಲಿಕ್ಕೆ ಅಂತ ಮಾತ್ರೆ ಮಾಡುವಾಗ ಸೋಡಿಯಂ ಹೈಡ್ರಾಕ್ಸೈಡ್, ಮೆಗ್ಲುಮಿನ್ ತರಹದ ಕ್ಷಾರ ಸೇರಿಸುತ್ತಾರೆ. ಹಾಗೆ ತಯಾರಾದ ಮಾತ್ರೆ ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ. ಅಂದರೆ ಹೊಟ್ಟೆಯಲ್ಲಿ ಕರಗಲಿ ಅಂತ ಮಾಡಿದ ಏರ್ಪಾಡೇ ಹೊರಗಡೆ ಅದಕ್ಕೆ ತೊಂದರೆ. ತಿನ್ನುವ ಹೊತ್ತಿಗೆ ಮಾತ್ರ ಪಟ್ಟಿಯಿಂದ ತೆಗೆಯಿರಿ ಎಂಬ ಸೂಚನೆ ಈ ಔಷಧಿಯ ಮಾಹಿತಿ ಚೀಟಿಯಲ್ಲಿ ಇರುವುದು ಇದಕ್ಕೇ.

ಜುಲೈ ಮಳೆಯಲ್ಲಿ ಒಬ್ಬರು ಅಮ್ಮನ ಮಾತ್ರೆ ಡಬ್ಬಿ ಹಿಡಿದುಕೊಂಡು ಬಂದರು. ಸೋಮವಾರ, ಮಂಗಳವಾರ ಅಂತ ಏಳು ಖಾನೆ ಇರುತ್ತದಲ್ಲ, ಆ ಪ್ಲಾಸ್ಟಿಕ್ ಡಬ್ಬಿ. "ನೀವು ಕೊಟ್ಟದ್ದು ಡೂಪ್ಲಿಕೇಟ್ ಕಾಣ್ತದೆ, ನೋಡಿ" ಅಂದರು. ಕೊನೆಯ ಖಾನೆಗಳಲ್ಲಿದ್ದ ಟೆಲ್ಮಿಸಾರ್ಟನ್ ಮಾತ್ರೆಗಳು ಊದಿಕೊಂಡಿದ್ದವು. ಅಂಚು ಮೆತ್ತಗಾಗಿತ್ತು, ಮೇಲಿನ ಅಕ್ಷರ ಅರ್ಧ ಅಳಿಸಿತ್ತು. ಒಂದು ಡಬ್ಬಿಯ ತಳಕ್ಕೆ ಅಂಟಿ ಕೂತು, ಉಗುರು ಹಾಕಿದರೆ ಪುಡಿಯಾಗದೆ ಮೇಣದ ಹಾಗೆ ಕೆತ್ತಿ ಬಂತು. ಅದೇ ಖಾನೆಯಲ್ಲಿದ್ದ ಪ್ಯಾರಾಸಿಟಮಾಲ್ ಗಟ್ಟಿಯಾಗಿ, ಬೆಳ್ಳಗೆ ಇತ್ತು.

"ಉಳಿದ ಪಟ್ಟಿ ಉಂಟಾ?" ಅಂತ ಕೇಳಿದೆ. ಚೀಲದಲ್ಲೇ ಇತ್ತು. ಅವರ ಎದುರಿಗೇ ಅದರಿಂದ ಒಂದು ಮಾತ್ರೆ ಒತ್ತಿ ತೆಗೆದು, ಡಬ್ಬಿಯ ಮಾತ್ರೆಯ ಪಕ್ಕ ಕಾಗದದ ಮೇಲೆ ಇಟ್ಟೆ. ಒಂದೇ ಬ್ಯಾಚ್, ಒಂದೇ ದಿನ ಕೊಂಡದ್ದು. ಪಟ್ಟಿಯದ್ದು ಚೂಪಾದ ಅಂಚಿನ ಹೊಸ ಮಾತ್ರೆ. ಡೂಪ್ಲಿಕೇಟ್ ಮಾತು ಅಲ್ಲಿಗೇ ನಿಂತಿತು. ಹೀಗೆ ಅನುಮಾನ ಬಂದಾಗಲೆಲ್ಲ ನಾನು ಮಾಡುವ ಮೊದಲ ಪರೀಕ್ಷೆ ಇದೇ. ಪಟ್ಟಿಯೊಳಗಿನದ್ದೂ ಕೆಟ್ಟಿದ್ದರೆ ಪ್ಯಾಕಿಂಗ್ ತೊಂದರೆ ಇರಬಹುದು, ಕಂಪನಿಗೆ ದೂರು ಕೊಡಬೇಕು. ಹೊರಗಿಟ್ಟದ್ದು ಮಾತ್ರ ಕೆಟ್ಟಿದ್ದರೆ ನಮ್ಮೂರಿನ ಹವೆಯ ಕೆಲಸ.

ಇನ್ನು ಪಿವಿಸಿ. ಅದು ನೋಡಲಿಕ್ಕೆ ಗಟ್ಟಿ, ಆದರೆ ನೀರಾವಿ ಅದರ ಮೂಲಕ ನಿಧಾನ ದಾಟುತ್ತದೆ. ಸಾಮಾನ್ಯ 250 ಮೈಕ್ರಾನ್ ಹಾಳೆಯನ್ನು 38 ಡಿಗ್ರಿ ಸೆಲ್ಸಿಯಸ್, 90 ಶೇಕಡಾ ತೇವದ ಕಠಿಣ ಪರೀಕ್ಷೆಗೆ ಒಡ್ಡಿದರೆ, ಒಂದು ಚದರ ಮೀಟರಿನಲ್ಲಿ ದಿನಕ್ಕೆ ಸುಮಾರು 3 ಗ್ರಾಂ ನೀರು ದಾಟುತ್ತದೆ. ಒಂದು ಪಾಕೆಟ್ಟಿಗೆ 2 ಚದರ ಸೆಂಟಿಮೀಟರ್ ಹಾಳೆ ಅಂತ ಹಿಡಿದರೆ ದಿನಕ್ಕೆ 0.6 ಮಿಲಿಗ್ರಾಂ. ಮನೆಯ ಹವೆಯಲ್ಲಿ ಅದರ ಅರ್ಧ ಅಂತಲೇ ಇಟ್ಟುಕೊಳ್ಳಿ. ತಿಂಗಳಿಗೆ 9 ಮಿಲಿಗ್ರಾಂ. ಮಾತ್ರೆಯ ತೂಕ 250 ಮಿಲಿಗ್ರಾಂ ಇದ್ದರೆ ಅದರ 3-4 ಶೇಕಡಾ ನೀರು ಒಂದೇ ತಿಂಗಳಲ್ಲಿ ಒಳಗೆ ಬಂದ ಹಾಗಾಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ನೀರು ಕುಡಿಯದ ಮಾತ್ರೆಯಾದರೆ ಪಾಕೆಟ್ಟಿನ ಒಳಗಿನ ಗಾಳಿ ಬೇಗ ಹೊರಗಿನಷ್ಟೇ ಹಸಿಯಾಗುತ್ತದೆ, ಆಮೇಲೆ ಒಳಗೆ ಬರುವುದು ನಿಲ್ಲುತ್ತದೆ. ನೀರು ಕುಡಿಯುವ ಮಾತ್ರೆ ಹಾಗಲ್ಲ. ಬಂದದ್ದನ್ನೆಲ್ಲ ತಾನೇ ಹೀರಿ ಒಳಗಿನ ಗಾಳಿಯನ್ನು ಒಣಗಿಸುತ್ತಾ ಇರುತ್ತದೆ, ಹಾಗಾಗಿ ಮತ್ತಷ್ಟು ನೀರು ಒಳಗೆ ಬರುತ್ತಲೇ ಇರುತ್ತದೆ. ಪ್ಯಾರಾಸಿಟಮಾಲಿಗೆ ಪಿವಿಸಿ ಸಾಕಾಗುವುದು, ಟೆಲ್ಮಿಸಾರ್ಟನ್ನಿಗೆ ಸಾಲದೇ ಇರುವುದು ಇದಕ್ಕೇ.

ಪಾರದರ್ಶಕ ಪಟ್ಟಿ ಕಂಡ ಕೂಡಲೇ ತೇವ ತಾಗಿದರೂ ತೊಂದರೆ ಇಲ್ಲದ ಮಾತ್ರೆ ಅಂತ ಹೇಳಲಿಕ್ಕೂ ಆಗುವುದಿಲ್ಲ. ಪಿವಿಸಿ ಮೇಲೆ ಪಿವಿಡಿಸಿ ಲೇಪ ಹಾಕಿದ ಹಾಳೆ ಇದೆ, ನೀರು ದಾಟುವುದು ಅದರಲ್ಲಿ ತುಂಬಾ ಕಡಿಮೆ. ಕೈಯಲ್ಲಿ ಹಿಡಿದರೆ ನನಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಇನ್ನು ಕೆಲವು ಪಿವಿಸಿ ಪಟ್ಟಿಗಳು ಅಲ್ಯೂಮಿನಿಯಂ ಪೌಚಿನೊಳಗೆ ಬರುತ್ತವೆ, ಜೊತೆಗೊಂದು ತೇವ ಹೀರುವ ಸಿಲಿಕಾ ಸ್ಯಾಚೆಟ್. ಅಲ್ಲಿ ಕಾಯುತ್ತಿರುವುದು ಪೌಚ್. ಅದನ್ನು ಹರಿದು ಬಿಸಾಡಿ ಪಟ್ಟಿ ಮಾತ್ರ ಇಟ್ಟುಕೊಂಡರೆ ಏನು ಉಳಿಯಿತು? ಉಲ್ಟಾ ಕೂಡ ಇದೆ: ಅಲು-ಅಲು ಹಾಕಿದ್ದು ಬೆಳಕಿನ ಕಾರಣಕ್ಕೂ ಇರಬಹುದು.

ಅಲು-ಅಲು ಹಾಳೆಯ ಮೂಲಕ ನೀರು ದಾಟುವುದು ಇಲ್ಲ ಅನ್ನುವಷ್ಟು ಕಡಿಮೆ. ಹಾಗಾದರೆ ಎಲ್ಲಿಂದ ಕೆಡುತ್ತದೆ? ಸೀಲಿನಿಂದ. ಪ್ಯಾಕಿಂಗ್ ಲೈನಿನಲ್ಲಿ ನಾವು ಆಗಾಗ ಲೀಕ್ ಟೆಸ್ಟ್ ಮಾಡುತ್ತಿದ್ದೆವು. ನೀಲಿ ಬಣ್ಣ ಕಲಸಿದ ನೀರಿನಲ್ಲಿ ಪಟ್ಟಿಗಳನ್ನು ಮುಳುಗಿಸಿ, ಗಾಜಿನ ಪಾತ್ರೆ ಮುಚ್ಚಿ, ಗಾಳಿ ಎಳೆಯುತ್ತೇವೆ. ತೂತು ಇದ್ದ ಪಾಕೆಟ್ಟಿನ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ಮತ್ತೆ ಗಾಳಿ ಬಿಟ್ಟಾಗ ನೀಲಿ ನೀರು ಆ ಜಾಗಕ್ಕೆ ನುಗ್ಗುತ್ತದೆ. ಪಟ್ಟಿಯನ್ನು ಒರೆಸಿ ಒಂದೊಂದೇ ಪಾಕೆಟ್ ಬಿಚ್ಚಿ ನೋಡಬೇಕು. ಬಿಳಿ ಮಾತ್ರೆಯ ಅಂಚಿನಲ್ಲಿ ನೀಲಿ ಕಲೆ ಕಂಡರೆ ಮುಗಿಯಿತು, ಮೆಷಿನ್ ನಿಲ್ಲಿಸಿ ಹಿಂದಿನ ಟೆಸ್ಟ್ ಪಾಸಾದ ಮೇಲೆ ಬಂದ ಮಾಲನ್ನೆಲ್ಲ ಬೇರೆ ಇಡಬೇಕು. ಕಾರಣ ಹುಡುಕಿದರೆ ಹೆಚ್ಚಾಗಿ ಸೀಲಿನ ಜಾಗದಲ್ಲಿ ಕೂತ ಮಾತ್ರೆಯ ಪುಡಿ, ಇಲ್ಲವೇ ಹಾಳೆಯ ಸುಕ್ಕು, ಇಲ್ಲವೇ ಸೀಲಿಂಗ್ ಬಿಸಿ ಸಾಲದ್ದು.

ಕಾರ್ಖಾನೆಯಲ್ಲಿ ಇಷ್ಟು ಜೋಪಾನ ಮಾಡಿದ್ದನ್ನು ಮನೆಯಲ್ಲಿ ಪಟ್ಟಿ ಮಡಚಿ ಪರ್ಸಿಗೆ ತುರುಕಿ ಹಾಳು ಮಾಡುತ್ತಾರೆ. ಮಡಚಿದ ಗೆರೆಯಲ್ಲಿ ಅಲ್ಯೂಮಿನಿಯಂ ಬಿರಿಯಬಹುದು, ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಸಾಕು.

ಡಬ್ಬಿ ತಂದವರಿಗೆ ನಾನು ಹೇಳಿದ್ದು ಇಷ್ಟೇ. ಉಳಿದ ಮಾತ್ರೆಗಳನ್ನು ಡಬ್ಬಿಗೆ ಹಾಕಿ, ಟೆಲ್ಮಿಸಾರ್ಟನ್ ಮಾತ್ರ ಪಟ್ಟಿಯಲ್ಲೇ ಇರಲಿ. "ಪಾಕೆಟ್ ಕತ್ತರಿಸಿ ಹಾಗೇ ಡಬ್ಬಿಗೆ ಹಾಕಬಹುದಾ?" ಅಂತ ಕೇಳಿದರು. ಎರಡು ಪಾಕೆಟ್ಟಿನ ನಡುವೆ ಸರಿಯಾಗಿ ಕತ್ತರಿಸಿ, ಸುತ್ತ ಸೀಲಿನ ಅಂಚು ಉಳಿಸಿದರೆ ತೇವದ ಲೆಕ್ಕದಲ್ಲಿ ತೊಂದರೆ ಇಲ್ಲ. ಆದರೆ ಕಣ್ಣು ಮಂಜಾದ ವಯಸ್ಸಾದವರ ಮಟ್ಟಿಗೆ ನಾನು ಬೇಡ ಅನ್ನುತ್ತೇನೆ. ಕತ್ತರಿಸಿದ ಪಾಕೆಟ್ಟನ್ನು ಮಾತ್ರೆ ಸಮೇತ ನುಂಗಿ, ಅದರ ಚೂಪು ಮೂಲೆಯಿಂದ ಅನ್ನನಾಳಕ್ಕೆ ಗಾಯವಾದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ. ಅವರ ಅಮ್ಮನಿಗೆ ಕಣ್ಣಿನ ಪೊರೆ ಇತ್ತು. ಪಟ್ಟಿಯ ಹಿಂದೆ ಪೆನ್ನಿನಿಂದ ವಾರದ ಹೆಸರು ಬರೆದು ಕೊಟ್ಟೆ, ದಿನಾ ಬೆಳಿಗ್ಗೆ ಸೊಸೆ ತೆಗೆದು ಕೊಡುವುದು ಅಂತಾಯಿತು.

ಸ್ಯಾಚೆಟ್ ಬಗ್ಗೆಯೂ ಅವರೇ ಕೇಳಿದರು, ಥೈರಾಯ್ಡ್ ಮಾತ್ರೆಯ ಬಾಟಲಿಯಲ್ಲಿ ಸಿಗುವುದನ್ನು ಡಬ್ಬಿಗೆ ಹಾಕಿದರೆ ಆಗದಾ ಅಂತ. ಆಗದು. ಡಬ್ಬಿಯ ಮುಚ್ಚಳ ಗಾಳಿ ತಡೆಯುವುದಿಲ್ಲ. 1 ಗ್ರಾಂ ಸಿಲಿಕಾ ಜೆಲ್ ಹೀರುವುದು ಸುಮಾರು 0.2-0.3 ಗ್ರಾಂ ನೀರು, ನಮ್ಮ ಮಳೆಗಾಲದ ಗಾಳಿಗೆ ಅದು ಬೇಗ ತುಂಬಿಹೋಗುತ್ತದೆ. ತುಂಬಿದ ಮೇಲೆ ಅದು ಬರೀ ಮರಳು. ಮಾತ್ರೆಯ ಪಕ್ಕದಲ್ಲಿದ್ದರೆ ಯಾರಾದರೂ ಬಾಯಿಗೆ ಹಾಕುವ ಅಪಾಯ ಬೇರೆ.

ಅದೇ ಸ್ಯಾಚೆಟ್ ಬಿಗಿಯಾದ ಬಾಟಲಿಯಲ್ಲಿ ಚೆನ್ನಾಗಿ ದುಡಿಯುತ್ತದೆ. 30 ಡಿಗ್ರಿ, 80 ಶೇಕಡಾ ತೇವದ ಒಂದು ಲೀಟರ್ ಗಾಳಿಯಲ್ಲಿ ಇರುವ ನೀರು ಸುಮಾರು 24 ಮಿಲಿಗ್ರಾಂ. ಬಾಟಲಿಯಲ್ಲಿ ಖಾಲಿ ಜಾಗ 50 ಮಿಲಿಲೀಟರ್ ಇದ್ದರೆ, ಒಂದು ಸಲ ತೆರೆದು ಮುಚ್ಚಿದಾಗ ಒಳಗೆ ಬರುವುದು ಹೆಚ್ಚೆಂದರೆ 1.2 ಮಿಲಿಗ್ರಾಂ. ನೂರು ದಿನ ತೆರೆದರೂ 120 ಮಿಲಿಗ್ರಾಂ. ಸ್ಯಾಚೆಟ್ ಇದನ್ನು ತಾಳಿಕೊಳ್ಳುತ್ತದೆ. ಹಾಗಾಗಿ ದಿನಾ ತೆರೆಯುವುದರಿಂದ ಬಾಟಲಿ ಕೆಡುವುದು ಕಡಿಮೆ. ಕೆಡುವುದು ಮುಚ್ಚಳ ಸಡಿಲ ಬಿಟ್ಟಾಗ, ಇಲ್ಲವೇ "ಇದು ಎಂತ ಕಸ" ಅಂತ ಸ್ಯಾಚೆಟ್ ಮೊದಲ ದಿನವೇ ಬಿಸಾಡಿದಾಗ.

ಬಿಸಾಡಬೇಕಾದ್ದು ಬಾಟಲಿಯೊಳಗಿನ ಹತ್ತಿಯನ್ನು, ಆದರೆ ಜನ ಅದನ್ನೇ ಜೋಪಾನವಾಗಿ ವಾಪಸ್ ತುರುಕುತ್ತಾರೆ! ಹತ್ತಿ ಇಟ್ಟದ್ದು ಸಾಗಿಸುವಾಗ ಮಾತ್ರೆ ಕುಲುಕಿ ಒಡೆಯದಿರಲಿ ಅಂತ. ತೇವ ಕಾಯುವ ಕೆಲಸ ಅದರದ್ದಲ್ಲ. ಒಮ್ಮೆ ತೆರೆದ ಮೇಲೆ ಬೆರಳಿನ ಹಸಿ, ಹೊರಗಿನ ಹಸಿ ಎರಡನ್ನೂ ಹಿಡಿದುಕೊಂಡು ಮಾತ್ರೆಯ ತಲೆಯ ಮೇಲೇ ಕೂರುತ್ತದೆ. ಆಸ್ಪಿರಿನ್‌ಗೆ ಹೆಸರಾದ ಬೇಯರ್ ಕಂಪನಿಯೇ 1999ರಲ್ಲಿ ಬಾಟಲಿಗೆ ಹತ್ತಿ ಹಾಕುವುದನ್ನು ನಿಲ್ಲಿಸಿತು. ಆಸ್ಪಿರಿನ್ ಬಾಟಲಿಗೆ ತೇವ ಹೋಗಿದೆಯಾ ಅಂತ ನೋಡಲಿಕ್ಕೆ ಮೂಗೇ ಸಾಕು. ನೀರು ತಾಗಿದರೆ ಅದು ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ, ಮುಚ್ಚಳ ತೆಗೆದ ಕೂಡಲೇ ವಿನೆಗರ್ ವಾಸನೆ.

ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೊಗ್ಲಿಸರಿನ್ ಮಾತ್ರೆಯಲ್ಲಿ ಹತ್ತಿಯ ತೊಂದರೆ ಬೇರೆ ತರಹದ್ದು. ಅಲ್ಲಿ ನೀರು ಒಳಗೆ ಬರುವುದಕ್ಕಿಂತ ಔಷಧಿಯೇ ಆವಿಯಾಗಿ ಹೊರಗೆ ಹೋಗುವುದು ಜಾಸ್ತಿ ಅಪಾಯ. ಹತ್ತಿ ಆ ಆವಿಯನ್ನು ಹೀರುತ್ತದೆ, ಪ್ಲಾಸ್ಟಿಕ್ ಡಬ್ಬಿಯೂ ಹೀರುತ್ತದೆ. ಅದಕ್ಕೆ ಬಾಟಲಿಯಲ್ಲಿ ಬರುವ ಈ ಮಾತ್ರೆ ಕೊಡುವಾಗ ನಾನು ಎರಡೇ ಮಾತು ಹೇಳುವುದು: ಬಂದ ಗಾಜಿನ ಬಾಟಲಿಯಲ್ಲೇ ಇರಲಿ, ಒಳಗೆ ಏನನ್ನೂ ತುರುಕಬೇಡಿ.