ಟ್ರಾವೆಲ್ಸ್‌ನವರ ಕಾಲ್ ರೆಕಾರ್ಡಿಂಗ್ ಕೇಳಿ ಟಿಪ್ಪಣಿ ಮಾಡುವಾಗ

ಆಫೀಸ್ ಟ್ರಿಪ್‌ನ ಮಾತುಕತೆ ರೆಕಾರ್ಡ್ ಆಗಿದ್ದರೆ ಮೊದಲ ಸಲ ಏನನ್ನೂ ಬರೆಯದೆ ಪೂರ್ತಿ ಕೇಳಿ. ಏಜೆಂಟ್ ಮೊದಲು ಹೇಳಿದ ರೇಟು ಕೊನೆಗೆ ಉಳಿದಿರುವುದಿಲ್ಲ. ಎರಡನೇ ಸಲ ಬರೆದುಕೊಳ್ಳುವಾಗ ಪ್ರತಿ ಅಂಕಿಯ ಪಕ್ಕ ಅದು ಎಷ್ಟನೇ ನಿಮಿಷದಲ್ಲಿ ಬಂತು ಅಂತ ಹಾಕಿ. ಎಪ್ಪತ್ತೋ ಎಂಬತ್ತೋ ಅಂತ ಜಗಳ ಬಂದರೆ ಅಲ್ಲಿಗೇ ಹೋಗಿ ಕೇಳಬಹುದು.

ದಾವಣಗೆರೆಯಿಂದ ಊಟಿಗೆ ಟೆಂಪೋ ಟ್ರಾವೆಲರ್ ಅಂದುಕೊಳ್ಳಿ. ಕಿಲೋಮೀಟರಿಗೆ 24 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿ.ಮೀ., ಡ್ರೈವರ್ ಬಾಟಾ 500. ಮೂರನೇ ನಿಮಿಷದಲ್ಲಿ ಏಜೆಂಟ್ "ಮೂರು ದಿನ, ಗಾಡಿ ಇಪ್ಪತ್ತೆರಡು ಸಾವಿರದೊಳಗೆ ಆಗುತ್ತೆ ಸರ್" ಅಂದಿರುತ್ತಾರೆ. ಹನ್ನೊಂದನೇ ನಿಮಿಷದಲ್ಲಿ ನಮ್ಮವರೇ "ಗುರುವಾರ ರಾತ್ರಿ ಹತ್ತಕ್ಕೆ ಬಿಡೋಣ" ಅಂತಾರೆ, ಅವರು "ಆಯ್ತು ಸರ್" ಅಂತಾರೆ. ರೇಟು ಬದಲಾಗುವುದು ಇಲ್ಲೇ, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಾಮಾನ್ಯವಾಗಿ ಬಾಡಿಗೆಯ ದಿನ ರಾತ್ರಿ 12ಕ್ಕೆ ಮುಗಿಯುತ್ತದೆ. ಭಾನುವಾರ ರಾತ್ರಿ 12ರೊಳಗೆ ವಾಪಸಾದರೂ ಲೆಕ್ಕಕ್ಕೆ ನಾಲ್ಕು ದಿನ. ಗಾಡಿ 900 ಕಿ.ಮೀ. ಮಾತ್ರ ಓಡಿದರೂ ಬಿಲ್ಲು 1,200 ಕಿ.ಮೀ.ಗೆ, ಅಂದರೆ 28,800. ಬಾಟಾ 2,000 ಬೇರೆ. ಟೋಲ್, ಪಾರ್ಕಿಂಗ್, ತಮಿಳುನಾಡು ಪರ್ಮಿಟ್ ಯಾರದು ಅನ್ನುವ ಮಾತು ರೆಕಾರ್ಡಿಂಗ್‌ನಲ್ಲಿ ಇಲ್ಲದಿದ್ದರೆ "ಹೇಳಿಲ್ಲ" ಅಂತಲೇ ಬರೆಯಿರಿ. ಅಂದಾಜಿನಿಂದ ತುಂಬಬೇಡಿ.

ಹೊರಡುವ ಸಮಯವನ್ನು ದಾರಿಯ ಜೊತೆಗೂ ತಾಳೆ ನೋಡಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹತ್ತಕ್ಕೆ ಬಿಟ್ಟ ಗಾಡಿ ಬೆಳಗಿನ ಜಾವವೇ ಗೇಟಿಗೆ ಬಂದು ಕಾಯಬೇಕಾಗಬಹುದು. 12 ದಾಟಿ ಬಿಟ್ಟರೆ ಒಂದು ದಿನದ ಬಾಡಿಗೆಯೂ ಉಳಿಯುತ್ತದೆ, ಗೇಟೂ ತೆರೆದಿರುತ್ತದೆ. ಇದನ್ನು ಟಿಪ್ಪಣಿಯಲ್ಲಿ ಪ್ರಶ್ನೆಯಾಗಿ ಹಾಕಿ, ನೀವೇ ತಿದ್ದಬೇಡಿ. ಹಾಗೆಯೇ ಆ ಗುರುವಾರ ಜನವರಿ 22 ಆಗಿದ್ದು, "22ರ ರಾತ್ರಿ 12ಕ್ಕೆ" ಅಂದಿದ್ದರೆ ಅದು ಗುರುವಾರದ ರಾತ್ರಿಯೋ ಬುಧವಾರದ್ದೋ, ವಾರದ ಹೆಸರಿನ ಸಮೇತ ಕೇಳಿಕೊಳ್ಳಿ. ನೀಲಗಿರಿಯ ಇ-ಪಾಸ್ ಯಾರು ಮಾಡಿಸುತ್ತಾರೆ ಅನ್ನುವುದೂ ಇದೇ ಭಾಗದಲ್ಲಿ ಇರಲಿ.

ಕ್ಯಾನ್ಸಲೇಶನ್ನಿಗೆ ಬಂದರೆ, "ಹದಿನೈದು ದಿನ ಮುಂಚೆ ಹೇಳಿದ್ರೆ ಅಡ್ವಾನ್ಸ್ ವಾಪಸ್, ಆಮೇಲೆ ಅರ್ಧ ಕಟ್" ಅನ್ನುವ ಒಂದೇ ವಾಕ್ಯ ಸಿಗುತ್ತದೆ. ಯಾವುದರ ಅರ್ಧ? ನಾಲ್ಕು ರೂಮು, ಎರಡು ರಾತ್ರಿ, ಒಂದಕ್ಕೆ 2,500ರಂತೆ 20,000 ಸೇರಿಸಿದರೆ ಒಟ್ಟು 50,800. ಕೊಟ್ಟ ಅಡ್ವಾನ್ಸ್ 20,000. ಅಡ್ವಾನ್ಸಿನ ಅರ್ಧವಾದರೆ 10,000 ಹೋಗುತ್ತದೆ. ಒಟ್ಟು ಮೊತ್ತದ ಅರ್ಧವಾದರೆ ಅಡ್ವಾನ್ಸ್ ಪೂರ್ತಿ ಹೋಗಿ, ಮೇಲೆ 5,400 ನಾವೇ ಕಟ್ಟಬೇಕು. ಹಾಗಾಗಿ ಎರಡೂ ಲೆಕ್ಕ ಬರೆದಿಡಿ. "ಹದಿನೈದು ದಿನ" ಅನ್ನುವುದನ್ನು ತಾರೀಖಾಗಿ ಬದಲಾಯಿಸಿ: ಜನವರಿ 22ಕ್ಕೆ ಹೊರಟರೆ ಜನವರಿ 7. ಆ 7ನೇ ತಾರೀಖು ಒಳಗೋ ಹೊರಗೋ, ಅದನ್ನೂ ಕೇಳಿ. ರೂಮಿನ ಷರತ್ತು ಗಾಡಿಯದಕ್ಕಿಂತ ಬೇರೆಯೇ ಇರಬಹುದು, ಒಂದೇ ಸಾಲಿನಲ್ಲಿ ಸೇರಿಸಬೇಡಿ.

ಟಿಪ್ಪಣಿ ಮುಗಿದ ಮೇಲೆ, ಅಡ್ವಾನ್ಸ್ ಕಳಿಸುವ ಮೊದಲು, ಅದನ್ನು ಏಜೆಂಟರ ವಾಟ್ಸ್ಆ್ಯಪ್‌ಗೆ ಹಾಕಿ. "ಹೇಳಿಲ್ಲ" ಅಂತಿರುವ ಸಾಲುಗಳಿಗೆ ಅವರು ಬರೆದೇ ಉತ್ತರ ಕೊಡಲಿ. ಮತ್ತೆ ಫೋನ್ ಮಾಡಿ ಹೇಳಿದರೆ ಅದನ್ನೂ ನೀವು ಬರೆದು ಕಳಿಸಿ, "ಸರಿ" ಅಂತ ಬರೆಸಿಕೊಳ್ಳಿ.